ವೇಟಿಂಗ್ ಟೈಮ್ ತಾಳೆಯಾಗುತ್ತಿಲ್ಲವೇ? ತಪ್ಪು ಉತ್ತರದಿಂದಲೇ ತಪ್ಪಿನ ಜಾಗ ಹಿಡಿಯುವ ಬಗೆ

ಆಪರೇಟಿಂಗ್ ಸಿಸ್ಟಮ್ಸ್ ಪತ್ರಿಕೆಯಲ್ಲಿ ಸಿಪಿಯು ಶೆಡ್ಯೂಲಿಂಗ್ ಲೆಕ್ಕ ಬಂದಾಗ ಹೆಚ್ಚಿನವರು ಎಡವುವುದು ಸೂತ್ರದಲ್ಲಲ್ಲ, ಚಾರ್ಟ್ ಎಳೆಯುವಾಗ. ಒಂದು ಪ್ರೊಸೆಸ್ ಸಾಲಿನಲ್ಲಿ ಒಂದು ಜಾಗ ಹಿಂದೆ ಮುಂದೆ ಆದರೆ ಸಾಕು, ಸರಾಸರಿ ಕಾಲು ಅರ್ಧ ಆಚೀಚೆ ಸರಿಯುತ್ತದೆ. ಆದರೆ ಈ ತಪ್ಪುಗಳು ಮನಬಂದಂತೆ ಆಗುವಂಥವಲ್ಲ. ಒಂದೊಂದು ತಪ್ಪಿಗೂ ಅದರದೇ ಗುರುತಿದೆ. ಬಂದ ತಪ್ಪು ಉತ್ತರವನ್ನು ಹೊಡೆದುಹಾಕುವ ಮೊದಲು ಅದನ್ನೇ ಸ್ವಲ್ಪ ದಿಟ್ಟಿಸಿ ನೋಡಿದರೆ ಎಲ್ಲಿ ಜಾರಿದ್ದೇವೆ ಎಂದು ಅದೇ ಹೇಳುತ್ತದೆ.

ಕೆಳಗಿನ ಒಂದೇ ಲೆಕ್ಕವನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ರೌಂಡ್ ರಾಬಿನ್, ಕ್ವಾಂಟಮ್ 2, ಕಾಂಟೆಕ್ಸ್ಟ್ ಸ್ವಿಚ್‌ಗೆ ಸಮಯ ಹಿಡಿಯುವುದಿಲ್ಲ.

| ಪ್ರೊಸೆಸ್ | ಅರೈವಲ್ ಟೈಮ್ | ಬರ್ಸ್ಟ್ ಟೈಮ್ |
|---|---|---|
| P1 | 0 | 5 |
| P2 | 1 | 3 |
| P3 | 2 | 1 |
| P4 | 4 | 2 |

ಇದಕ್ಕೆ ಸಾಮಾನ್ಯವಾಗಿ ಒಪ್ಪುವ ಸರಾಸರಿ ವೇಟಿಂಗ್ ಟೈಮ್ 4.25. ಇದೇ ಲೆಕ್ಕಕ್ಕೆ 6, 1.5, 3.75, 4.5 ಎಂಬ ಉತ್ತರಗಳೂ ಬರುತ್ತವೆ. ಯಾವುದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ. ಹತ್ತು ಸೆಕೆಂಡಿನಲ್ಲಿ ಮುಗಿಯುವ ಪರೀಕ್ಷೆ ಮೊದಲು, ಸಾಲನ್ನೇ ಮತ್ತೆ ಬರೆಯಬೇಕಾದದ್ದು ಆಮೇಲೆ.

## ಚಾರ್ಟ್‌ನ ಕೊನೆಯ ಅಂಕಿಯೇ ಸರಿಯಿಲ್ಲ

ಮೊದಲು ನೋಡಬೇಕಾದದ್ದು ಇದನ್ನೇ. ಬರ್ಸ್ಟ್ ಟೈಮ್‌ಗಳನ್ನು ಕೂಡಿಸಿ: 5 + 3 + 1 + 2 = 11. ಸಿಪಿಯು ನಡುವೆ ಖಾಲಿ ಕೂರದಿದ್ದರೆ ಚಾರ್ಟ್ 11ಕ್ಕೇ ಮುಗಿಯಬೇಕು. ಅಲ್ಗಾರಿದಮ್ ಯಾವುದಾದರೂ ಸರಿ, ಇದು ಬದಲಾಗುವುದಿಲ್ಲ.

ನಿಮ್ಮ ಚಾರ್ಟ್ 14ಕ್ಕೆ ಮುಗಿದಿದ್ದರೆ ಕಾರಣ ಹೆಚ್ಚುಕಡಿಮೆ ಖಚಿತ. ಪ್ರತಿ ಸರದಿಗೂ ಪೂರ್ತಿ 2 ಯೂನಿಟ್ ಕೊಟ್ಟಿದ್ದೀರಿ. ಈ ಲೆಕ್ಕದಲ್ಲಿ ಮೂರು ಸರದಿಗಳಿಗೆ ಬೇಕಾದದ್ದು ಒಂದೇ ಯೂನಿಟ್: P3ರ ಏಕೈಕ ಸರದಿ, P2ರ ಕೊನೆಯದು, P1ರ ಕೊನೆಯದು. ಮೂರು ಕಡೆ ಒಂದೊಂದು ಹೆಚ್ಚಾಗಿ 11 ಹೋಗಿ 14 ಆಯಿತು. ಕ್ವಾಂಟಮ್ ಎಂದರೆ ಗರಿಷ್ಠ ಮಿತಿ ಅಷ್ಟೇ. ಪ್ರೊಸೆಸ್ ಬೇಗ ಮುಗಿದರೆ ಸಿಪಿಯು ಆ ಕ್ಷಣವೇ ಮುಂದಿನದಕ್ಕೆ ಹೋಗುತ್ತದೆ, ಮತ್ತು ಮುಂದಿನದಕ್ಕೆ ಅಲ್ಲಿಂದ ಹೊಸ ಕ್ವಾಂಟಮ್ ಶುರು. P3 5ಕ್ಕೆ ಮುಗಿದರೆ ನಂತರದ ಪೆಟ್ಟಿಗೆ 5ರಿಂದ 7, 6ರಿಂದ 8 ಅಲ್ಲ.

ಕೊನೆಯ ಅಂಕಿ 11ಕ್ಕಿಂತ ಕಡಿಮೆ ಬಂದಿದ್ದರೆ ಯಾವುದೋ ಪ್ರೊಸೆಸ್‌ನ ಬಾಲ ಬಿಟ್ಟುಹೋಗಿದೆ. ಬಹುತೇಕ ಅದು ಅತಿ ದೊಡ್ಡ ಬರ್ಸ್ಟ್ ಇರುವ P1ರ ಕೊನೆಯ ಒಂದು ಯೂನಿಟ್ ಆಗಿರುತ್ತದೆ.

ಖಾಲಿ ಸಮಯ ಇರುವ ಲೆಕ್ಕಗಳೂ ಬರುತ್ತವೆ. ಒಂದು ಪ್ರೊಸೆಸ್ 2ಕ್ಕೆ ಮುಗಿದು ಮುಂದಿನದು 5ಕ್ಕೆ ಬರುವುದಾದರೆ 2ರಿಂದ 5ರವರೆಗೆ ಖಾಲಿ ಪೆಟ್ಟಿಗೆ ಎಳೆಯಲೇಬೇಕು. ಆಗ ಕೊನೆಯ ಅಂಕಿ ಬರ್ಸ್ಟ್‌ಗಳ ಮೊತ್ತಕ್ಕೆ ಖಾಲಿ ಸಮಯ ಸೇರಿಸಿದಷ್ಟಿರುತ್ತದೆ.

## ಯಾವುದೋ ಒಂದು ಬೆಲೆ ಮೈನಸ್ ಬಂದಿದೆ

ಕಾಯುವ ಸಮಯ ಎಂದೂ ಮೈನಸ್ ಆಗದು. ಬಂದಿದ್ದರೆ ಅರ್ಥ ಒಂದೇ: ಇನ್ನೂ ಬಂದಿರದ ಪ್ರೊಸೆಸ್‌ಗೆ ಸಿಪಿಯು ಕೊಟ್ಟಿದ್ದೀರಿ.

ಇದು ಎಸ್‌ಜೆಎಫ್ ಲೆಕ್ಕದಲ್ಲಿ ಹೆಚ್ಚು. ಹೆಸರೇ ಚಿಕ್ಕ ಕೆಲಸ ಮೊದಲು ಎಂದು ಹೇಳುವುದರಿಂದ ಕಣ್ಣು ನೇರವಾಗಿ ಬರ್ಸ್ಟ್ ಕಾಲಮ್‌ಗೆ ಹೋಗಿ P3, P4, P2, P1 ಎಂದು ಜೋಡಿಸಿಬಿಡುತ್ತದೆ. ಆಗ P3 0ಗೆ ಶುರುವಾಗಿ 1ಕ್ಕೆ ಮುಗಿಯುತ್ತದೆ, ಆದರೆ ಅದು ಬರುವುದೇ 2ಕ್ಕೆ! ಸರಾಸರಿ 0.75 ಎಂದು ಬಂದು, ನೋಡಲು ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಸರಾಸರಿಗೆ ಹಾರುವ ಮೊದಲು ಒಂದೊಂದು ಪ್ರೊಸೆಸ್‌ನ ಬೆಲೆಯನ್ನು ಬೇರೆಬೇರೆಯಾಗಿ ಬರೆದಿಡಬೇಕು. ಸರಾಸರಿಯೊಳಗೆ ಮೈನಸ್ ಅಡಗಿಕೊಳ್ಳುತ್ತದೆ.

ಸರಿಯಾಗಿ ಮಾಡಿದರೆ, ನಡುವೆ ತಡೆಯದ ಎಸ್‌ಜೆಎಫ್‌ನಲ್ಲಿ 0ಗೆ ಇರುವುದು P1 ಒಂದೇ, ಆದ್ದರಿಂದ ಅದು 5ರವರೆಗೆ ಓಡುತ್ತದೆ. 5ಕ್ಕೆ ಉಳಿದ ಮೂರೂ ಬಂದಿರುತ್ತವೆ, ಆಗ ಮಾತ್ರ ಚಿಕ್ಕದ್ದು ಯಾವುದು ಎಂಬ ಪ್ರಶ್ನೆ. P3 6ಕ್ಕೆ, P4 8ಕ್ಕೆ, P2 11ಕ್ಕೆ ಮುಗಿದು ಸರಾಸರಿ 3 ಬರುತ್ತದೆ.

## ಉತ್ತರ ಬಹಳ ದೊಡ್ಡದು ಅಥವಾ ಬಹಳ ಚಿಕ್ಕದು: 6 ಅಥವಾ 1.5

ಚಾರ್ಟ್ ಸರಿಯಿದ್ದೂ ಕಳೆಯುವುದು ತಪ್ಪಿದಾಗ ಹೀಗಾಗುತ್ತದೆ. ಸರಿಯಾದ ಚಾರ್ಟ್ ಇದು:

```
| P1 | P2 | P3 | P1 | P4 | P2 | P1 |
0    2    4    5    7    9    10   11
```

ಮುಗಿದ ಸಮಯಗಳು P1ಕ್ಕೆ 11, P2ಕ್ಕೆ 10, P3ಕ್ಕೆ 5, P4ಕ್ಕೆ 9. ಇವುಗಳಲ್ಲಿ ಬರ್ಸ್ಟ್ ಮಾತ್ರ ಕಳೆದು ಅರೈವಲ್ ಮರೆತರೆ 6, 7, 4, 7 ಸಿಗುತ್ತವೆ, ಸರಾಸರಿ 6. ಇದು 4.25ಕ್ಕಿಂತ 1.75 ಹೆಚ್ಚು. ಅರೈವಲ್ ಟೈಮ್‌ಗಳ ಸರಾಸರಿಯೂ (0 + 1 + 2 + 4) ÷ 4 = 1.75. ಇದು ಕಾಕತಾಳೀಯವಲ್ಲ. ನಿಮ್ಮ ಉತ್ತರ ಕೀ ಉತ್ತರಕ್ಕಿಂತ ಅರೈವಲ್ ಸರಾಸರಿಯಷ್ಟೇ ಹೆಚ್ಚಿದ್ದರೆ ಚಾರ್ಟ್ ಮುಟ್ಟಬೇಡಿ, ಕಳೆಯುವ ಕಾಲಮ್ ಮಾತ್ರ ತಿದ್ದಿ.

1.5 ಬಂದಿದ್ದರೆ ಪ್ರತಿ ಪ್ರೊಸೆಸ್‌ಗೆ ಮೊದಲ ಸಲ ಸಿಪಿಯು ಸಿಕ್ಕ ಸಮಯದಿಂದ ಅರೈವಲ್ ಕಳೆದಿದ್ದೀರಿ: 0, 1, 2, 3. ಅದು ರೆಸ್ಪಾನ್ಸ್ ಟೈಮ್. ಎಫ್‌ಸಿಎಫ್‌ಎಸ್‌ನಲ್ಲಿ, ನಡುವೆ ತಡೆಯದ ಎಸ್‌ಜೆಎಫ್‌ನಲ್ಲಿ ಈ ಎರಡೂ ಒಂದೇ ಆಗಿರುವುದರಿಂದ ಅಲ್ಲಿ ಈ ಅಭ್ಯಾಸ ಸಿಕ್ಕಿಬೀಳುವುದಿಲ್ಲ. ರೌಂಡ್ ರಾಬಿನ್‌ಗೆ ಬಂದ ದಿನ ಬಣ್ಣ ಬಯಲಾಗುತ್ತದೆ.

ಸರಿಯಾದ ದಾರಿ ಎರಡು ಹೆಜ್ಜೆಯದು:

```
ಟರ್ನ್‌ಅರೌಂಡ್ = ಮುಗಿದ ಸಮಯ − ಅರೈವಲ್
ವೇಟಿಂಗ್ = ಟರ್ನ್‌ಅರೌಂಡ್ − ಬರ್ಸ್ಟ್
```

ಟರ್ನ್‌ಅರೌಂಡ್‌ಗಳು 11, 9, 3, 5. ವೇಟಿಂಗ್ 6, 6, 2, 3. ಮೊತ್ತ 17, ನಾಲ್ಕರಿಂದ ಭಾಗಿಸಿದರೆ 4.25.

ಇದನ್ನು ತಾಳೆ ನೋಡಲು ಸೂತ್ರವೇ ಬೇಡದ ಇನ್ನೊಂದು ದಾರಿಯಿದೆ. ಚಾರ್ಟ್ ಮೇಲೆ ಬೆರಳಿಟ್ಟು, ಪ್ರೊಸೆಸ್ ಬಂದ ಮೇಲೆ ಓಡದೆ ಕೂತ ಜಾಗಗಳನ್ನು ಎಣಿಸಿ. P1 2ರಿಂದ 5ರವರೆಗೆ ಮೂರು, 7ರಿಂದ 10ರವರೆಗೆ ಮೂರು, ಒಟ್ಟು ಆರು ಯೂನಿಟ್ ಕಾದಿದೆ. P2 1ರಿಂದ 2ರವರೆಗೆ ಒಂದು, 4ರಿಂದ 9ರವರೆಗೆ ಐದು, ಒಟ್ಟು ಆರು. ಎರಡೂ ದಾರಿಯಲ್ಲಿ ಒಂದೇ ಅಂಕಿ ಬಂದರೆ ಕಳೆಯುವ ಲೆಕ್ಕದ ಚಿಂತೆ ಬಿಡಬಹುದು. ಆದರೆ ಈ ತಾಳೆ ಚಾರ್ಟ್ ಸರಿಯಿದೆ ಎಂದು ಹೇಳುವುದಿಲ್ಲ, ಚಾರ್ಟ್‌ನಿಂದ ಓದಿದ್ದು ಸರಿಯಿದೆ ಎಂದಷ್ಟೇ ಹೇಳುತ್ತದೆ.

ಪ್ರೊಸೆಸ್ ನಡುವೆ ಐ/ಒಗೆ ಹೋಗುವ ಲೆಕ್ಕಗಳಲ್ಲಿ ಎರಡನೆಯ ಸೂತ್ರ ಹಾಗೆಯೇ ನಡೆಯದು. ಐ/ಒದಲ್ಲಿ ಕಳೆದ ಸಮಯ ಕಾಯುವುದಲ್ಲ, ಅದನ್ನೂ ಟರ್ನ್‌ಅರೌಂಡ್‌ನಿಂದ ಕಳೆಯಬೇಕು.

## ಎಲ್ಲ ತಾಳೆಯಾಗಿದೆ, ಆದರೂ 3.75

ರೌಂಡ್ ರಾಬಿನ್‌ನ ಅಸಲಿ ಗಂಟು ಇಲ್ಲಿದೆ. ಚಾರ್ಟ್ 11ಕ್ಕೇ ಮುಗಿದಿದೆ, ಮೈನಸ್ ಇಲ್ಲ, ಕಳೆದದ್ದು ಸರಿ, ಆದರೂ ಉತ್ತರ ಬೇರೆ. ಇಂಥ ಚಾರ್ಟ್ ಹೀಗಿರುತ್ತದೆ:

```
| P1 | P2 | P3 | P4 | P1 | P2 | P1 |
0    2    4    5    7    9    10   11
```

P1, P2, P3, P4, ಮತ್ತೆ P1. ರೌಂಡ್ ಎಂಬ ಪದ ಕೇಳಿ ವೃತ್ತದಲ್ಲಿ ಸುತ್ತುವುದು ಎಂದುಕೊಂಡರೆ ಹೀಗಾಗುತ್ತದೆ. ಎಲ್ಲ ಪ್ರೊಸೆಸ್‌ಗಳೂ 0ಗೇ ಬಂದಿದ್ದರೆ ಇದರಿಂದ ತೊಂದರೆಯಿಲ್ಲ, ಮೊದಮೊದಲ ಉದಾಹರಣೆಗಳು ಹೆಚ್ಚಾಗಿ ಹಾಗೇ ಇರುವುದರಿಂದ ಅಭ್ಯಾಸ ಗಟ್ಟಿಯಾಗಿಬಿಡುತ್ತದೆ. ಅರೈವಲ್ ಬೇರೆಬೇರೆ ಇದ್ದಾಗ ಸಿಪಿಯು ಪ್ರೊಸೆಸ್‌ನ ನಂಬರ್ ನೋಡುವುದಿಲ್ಲ, ರೆಡಿ ಕ್ಯೂನ ತಲೆ ನೋಡುತ್ತದೆ. ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ: ಅಕ್ಕಿ ತೆಗೆದುಕೊಂಡು ಸಕ್ಕರೆಗೆ ಮತ್ತೆ ಸಾಲಿನ ಕೊನೆಗೆ ನಿಂತವರು, ಆಮೇಲೆ ಬಂದವರಿಗಿಂತ ಮುಂದೆಯೇ ಇರುತ್ತಾರೆ. P1 2ಕ್ಕೇ ಸಾಲಿನ ಹಿಂದೆ ನಿಂತಾಗಿದೆ. P4 ಬಂದದ್ದು 4ಕ್ಕೆ. P4 ಮುಂದೆ ಹೋಗಲು ಕಾರಣವೇ ಇಲ್ಲ.

ಇದನ್ನು ತಪ್ಪಿಸಲು ಚಾರ್ಟ್‌ನ ಕೆಳಗೆ ಸಾಲನ್ನು ಬರೆಯುತ್ತಾ ಹೋಗುವುದೊಂದೇ ದಾರಿ. ತಲೆಯಲ್ಲಿಟ್ಟುಕೊಳ್ಳಲು ಹೋಗಬೇಡಿ, ನಾಲ್ಕು ಪ್ರೊಸೆಸ್‌ಗೇ ಅದು ಕೈ ಜಾರುತ್ತದೆ.

| ಸಮಯ | ಓಡಿದ್ದು | ಅದಕ್ಕೆ ಉಳಿದದ್ದು | ಆಮೇಲೆ ಸಾಲು |
|---|---|---|---|
| 0–2 | P1 | 3 | P2, P3, P1 |
| 2–4 | P2 | 1 | P3, P1, P4, P2 |
| 4–5 | P3 | ಮುಗಿಯಿತು | P1, P4, P2 |
| 5–7 | P1 | 1 | P4, P2, P1 |
| 7–9 | P4 | ಮುಗಿಯಿತು | P2, P1 |
| 9–10 | P2 | ಮುಗಿಯಿತು | P1 |
| 10–11 | P1 | ಮುಗಿಯಿತು | ಖಾಲಿ |

ಒಂದು ಪೆಟ್ಟಿಗೆ ಎಳೆದ ತಕ್ಷಣ ಮೂರು ಕೆಲಸ, ಇದೇ ಕ್ರಮದಲ್ಲಿ: ಆ ಅವಧಿಯಲ್ಲಿ ಬಂದವರನ್ನು ಸಾಲಿಗೆ ಸೇರಿಸಿ, ಓಡಿದ್ದಕ್ಕೆ ಇನ್ನೂ ಉಳಿದಿದ್ದರೆ ಅದನ್ನು ಕೊನೆಗೆ ಹಾಕಿ, ಆಮೇಲೆ ಸಾಲಿನ ತಲೆ ತೆಗೆದುಕೊಳ್ಳಿ. ಎರಡನೆಯ ಪೆಟ್ಟಿಗೆ ಮುಗಿದಾಗ ಸಾಲು P3, P1, P4, P2 ಎಂದಿರುವುದನ್ನು ಗಮನಿಸಿ. ಉಳಿದ ಚಾರ್ಟ್‌ನ ಹಣೆಬರಹ ಅಲ್ಲೇ ಬರೆದಾಯಿತು.

ಇಲ್ಲೊಂದು ಎಚ್ಚರಿಕೆ. ಇದೇ ಲೆಕ್ಕವನ್ನು ಎಫ್‌ಸಿಎಫ್‌ಎಸ್‌ನಲ್ಲಿ ಮಾಡಿದರೂ ಸರಾಸರಿ 3.75 ಬರುತ್ತದೆ. ಆದ್ದರಿಂದ ಅಂಕಿ ನೋಡಿ ತೀರ್ಮಾನಿಸುವ ಮೊದಲು ಚಾರ್ಟ್‌ನಲ್ಲಿ ಎಷ್ಟು ಪೆಟ್ಟಿಗೆ ಇವೆ ನೋಡಿ. ಏಳಿದ್ದರೆ ನಂಬರ್ ಪ್ರಕಾರ ಸುತ್ತಿದ್ದೀರಿ. ನಾಲ್ಕೇ ಇದ್ದರೆ ಕ್ವಾಂಟಮ್ ಅನ್ನೇ ಮರೆತಿದ್ದೀರಿ.

## ನನ್ನದು 4.25, ಪಕ್ಕದವರದು 4.5

ಇದು ತಪ್ಪೇ ಆಗಿರಬೇಕಿಲ್ಲ. 2ನೇ ಕ್ಷಣಕ್ಕೆ ಎರಡು ಘಟನೆ ಒಟ್ಟಿಗೆ ನಡೆಯುತ್ತವೆ: P1ರ ಕ್ವಾಂಟಮ್ ಮುಗಿಯುತ್ತದೆ, P3 ಬರುತ್ತದೆ. ಸಾಲಿಗೆ ಮೊದಲು ಯಾರು? ಮೇಲೆ ಹೊಸದಾಗಿ ಬಂದವರನ್ನು ಮೊದಲು ನಿಲ್ಲಿಸಿದೆವು. ಹೆಚ್ಚಿನ ಪರಿಹಾರಗಳಲ್ಲಿ ಕಾಣುವುದು ಅದೇ ರೂಢಿ. ಹೊರಬಂದ ಪ್ರೊಸೆಸ್ ಮೊದಲು ಎಂದು ಹಿಡಿದರೆ ಚಾರ್ಟ್ ಬೇರೆಯಾಗುತ್ತದೆ:

```
| P1 | P2 | P1 | P3 | P2 | P4 | P1 |
0    2    4    6    7    8    10   11
```

ವೇಟಿಂಗ್ 6, 4, 4, 4, ಸರಾಸರಿ 4.5. 4ನೇ ಕ್ಷಣದಲ್ಲೂ P4 ಮತ್ತು P2ರ ನಡುವೆ ಇದೇ ಪೈಪೋಟಿಯಿದೆ. ಪ್ರಶ್ನೆ ರೂಪಿಸಿದವರು ಒಂದು ಸಾಲು ಬರೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ, ಎಷ್ಟೋ ಸಲ ಬರೆದಿರುವುದಿಲ್ಲ.

ಲೆಕ್ಕ ಶುರು ಮಾಡುವ ಮೊದಲೇ ಇಂಥ ಜಾಗ ಇದೆಯೇ ಎಂದು ನೋಡಬಹುದು. ಕ್ವಾಂಟಮ್ 2 ಇದ್ದಾಗ ಅರೈವಲ್ ಕಾಲಮ್‌ನಲ್ಲಿ 2, 4, 6 ಕಂಡರೆ ಕಿವಿ ನೆಟ್ಟಗಾಗಬೇಕು. ಮೊದಲ ಸಣ್ಣ ಸರದಿ ಮುಗಿಯುವವರೆಗೂ ಕ್ವಾಂಟಮ್ ತೀರುವುದು ಆ ಕ್ಷಣಗಳಲ್ಲೇ. ವಿಟಿಯುವಿನಂಥ ವಿವರಣಾತ್ಮಕ ಪತ್ರಿಕೆಯಲ್ಲಿ, ಒಂದೇ ಕ್ಷಣಕ್ಕೆ ಬಂದಾಗ ಹೊಸ ಪ್ರೊಸೆಸ್ ಮೊದಲು ಎಂದು ಚಾರ್ಟ್‌ನ ಮೇಲೆ ಒಂದು ವಾಕ್ಯ ಬರೆದುಬಿಡಿ. ಗೇಟ್‌ನ ಅಂಕಿ ತುಂಬುವ ಪ್ರಶ್ನೆಯಲ್ಲಿ ವಿವರಣೆಗೆ ಜಾಗವಿಲ್ಲ, ಅಲ್ಲಿ ಪ್ರಶ್ನೆಯ ಪ್ರತಿ ವಾಕ್ಯವನ್ನೂ ಇನ್ನೊಮ್ಮೆ ಓದಿ ಆ ನಿಯಮವನ್ನು ಹುಡುಕಬೇಕು.

## ಎಸ್‌ಆರ್‌ಟಿಎಫ್‌ನಲ್ಲಿ ಕಾಲು ಹೆಚ್ಚು ಬಂದಿದೆ

ಅದೇ ನಾಲ್ಕು ಪ್ರೊಸೆಸ್‌ಗಳಿಗೆ ಎಸ್‌ಆರ್‌ಟಿಎಫ್ ಹಾಕಿದರೆ ಸರಿಯುತ್ತರ 2. ನಿಮಗೆ 2.25 ಬಂದಿದ್ದರೆ 4ನೇ ಕ್ಷಣಕ್ಕೆ ಹೋಗಿ. ಅಲ್ಲಿ P4 2 ಯೂನಿಟ್ ಹೊತ್ತು ಬರುತ್ತದೆ. ಆಗ ಓಡುತ್ತಿರುವುದು P2. ಪ್ರಶ್ನೆಯ ಟೇಬಲ್ ನೋಡಿದರೆ P2ರ ಬರ್ಸ್ಟ್ 3, ಅದಕ್ಕಿಂತ 2 ಚಿಕ್ಕದು, ಆದ್ದರಿಂದ P2 ತಡೆದು P4 ಓಡಿಸಿದ್ದೀರಿ. ಆದರೆ P2 1ರಿಂದ 2ರವರೆಗೆ ಒಂದು, 3ರಿಂದ 4ರವರೆಗೆ ಒಂದು ಯೂನಿಟ್ ಓಡಿ ಮುಗಿಸಿದೆ. ಅದಕ್ಕೆ ಉಳಿದದ್ದು 1. ಅದೇ ಮುಂದುವರಿಯಬೇಕು.

```
| P1 | P2 | P3 | P2 | P4 | P1 |
0    1    2    3    5    7    11
```

ಮದ್ದು ಸರಳ. ಪ್ರಶ್ನೆಯ ಟೇಬಲ್ ಪಕ್ಕದಲ್ಲೇ ಉಳಿದದ್ದು ಎಂಬ ಕಾಲಮ್ ಎಳೆದು, ಪ್ರತಿ ಪೆಟ್ಟಿಗೆಯ ನಂತರ ಹಳೆ ಅಂಕಿ ಅಡ್ಡಗೆರೆ ಹೊಡೆದು ಹೊಸದನ್ನು ಬರೆಯಿರಿ. ಹೋಲಿಸುವಾಗ ಕಣ್ಣು ಆ ಕಾಲಮ್ ಮೇಲೆ ಮಾತ್ರ ಇರಲಿ. ಕೊನೆಯಲ್ಲಿ ವೇಟಿಂಗ್ ಲೆಕ್ಕಕ್ಕೆ ಮೂಲ ಬರ್ಸ್ಟ್ ಬೇಕಾಗುವುದರಿಂದ ಅದನ್ನು ಮಾತ್ರ ಅಳಿಸಬೇಡಿ.

ಎಸ್‌ಆರ್‌ಟಿಎಫ್ ಮಾಡಿದ ಕೈ ರೌಂಡ್ ರಾಬಿನ್‌ನಲ್ಲೂ ಅದೇ ಚಾಳಿ ತೋರಿಸುತ್ತದೆ: P2 1ಕ್ಕೆ ಬಂದ ಕೂಡಲೇ P1ನ್ನು ಅಲ್ಲೇ ಕತ್ತರಿಸುವುದು. ರೌಂಡ್ ರಾಬಿನ್‌ನಲ್ಲಿ ಹೊಸಬರು ಬಂದರೆ ಸಾಲಿಗೆ ಸೇರುತ್ತಾರೆ ಅಷ್ಟೇ, ಓಡುತ್ತಿರುವುದನ್ನು ನಿಲ್ಲಿಸುವುದು ಕ್ವಾಂಟಮ್ ಮಾತ್ರ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಮೇಲಿನದ್ದೆಲ್ಲ ನೋಡಿಯೂ ಕೀ ಉತ್ತರ ಬೇರೆಯೇ ಇದ್ದರೆ, ಹಳೆ ಚಾರ್ಟ್ ಮುಚ್ಚಿಟ್ಟು ಸಾಲು ಬರೆಯುತ್ತಾ ಒಮ್ಮೆ ಹೊಸದಾಗಿ ಎಳೆಯಿರಿ. ಎರಡನೆಯ ಸಲವೂ ಅದೇ ಅಂಕಿ ಬಂದರೆ ಮೂರನೆಯ ಸಲ ಎಳೆಯುವುದು ದಂಡ. ಆಗ ಸಂಶಯ ಪ್ರಶ್ನೆಯ ಮೇಲೆ ಹೋಗಬೇಕು. ಪ್ರಯಾರಿಟಿ ಲೆಕ್ಕದಲ್ಲಿ ಚಿಕ್ಕ ಅಂಕಿ ದೊಡ್ಡ ಪ್ರಯಾರಿಟಿಯೋ, ದೊಡ್ಡ ಅಂಕಿಯೋ ಹೇಳಿದ್ದಾರೆಯೇ? ನಡುವೆ ತಡೆಯಬಹುದೋ ಇಲ್ಲವೋ? ಕಾಂಟೆಕ್ಸ್ಟ್ ಸ್ವಿಚ್‌ಗೆ ಸಮಯ ಇದೆಯೇ? ನಮ್ಮ ರೌಂಡ್ ರಾಬಿನ್ ಚಾರ್ಟ್‌ನಲ್ಲಿ ಏಳು ಪೆಟ್ಟಿಗೆಗಳ ನಡುವೆ ಆರು ಸ್ವಿಚ್‌ಗಳಿವೆ. ಒಂದೊಂದಕ್ಕೆ ಒಂದು ಯೂನಿಟ್ ಹಿಡಿದರೆ 11ಕ್ಕೆ ಮುಗಿಯಬೇಕಾದ ಚಾರ್ಟ್ 17ಕ್ಕೆ ಹೋಗುತ್ತದೆ. ಪ್ರಶ್ನೆಯ ಮೂಲೆಯಲ್ಲಿರುವ ಒಂದು ವಾಕ್ಯ ಕಣ್ತಪ್ಪಿದರೆ ಇಷ್ಟೆಲ್ಲ ಆಗುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಇಷ್ಟಾದರೂ ಬಗೆಹರಿಯದಿದ್ದರೆ ಸಾಲಿನ ಟೇಬಲ್ ಸಮೇತ ಮೇಷ್ಟ್ರ ಬಳಿ ಹೋಗಿ. ಬರೀ ಉತ್ತರ ತೋರಿಸಿದರೆ ಅವರೂ ಮೊದಲಿನಿಂದ ಎಳೆಯಬೇಕಾಗುತ್ತದೆ. ಸಾಲು ಕಂಡರೆ ಯಾವ ಗೆರೆಯಲ್ಲಿ ದಾರಿ ಬೇರೆಯಾಯಿತು ಎಂದು ಅರ್ಧ ನಿಮಿಷದಲ್ಲಿ ತೋರಿಸುತ್ತಾರೆ. ಪರೀಕ್ಷೆಯ ಕೋಣೆಯಲ್ಲಾದರೆ ನಿಮ್ಮ ಊಹೆಯನ್ನು ಬರೆದು ಮುಂದಿನ ಪ್ರಶ್ನೆಗೆ ಹೋಗಿ.

ಉತ್ತರ ಪತ್ರಿಕೆಯಲ್ಲಿ ಹಳೆ ಚಾರ್ಟ್ ಹೊಡೆದುಹಾಕುವುದು ಹೊಸದು ಪೂರ್ತಿಯಾದ ಮೇಲೆಯೇ ಆಗಲಿ. ಪೆಟ್ಟಿಗೆಯೊಳಗೆ ತಿದ್ದಿ ತಿದ್ದಿ ಬರೆದರೆ 5 ಯಾವುದು 6 ಯಾವುದು ಎಂದು ಬರೆದವರಿಗೇ ತಿಳಿಯದು, ಆಮೇಲೆ ಕಳೆಯುವಾಗ ಅಲ್ಲಿಂದಲೇ ಹೊಸ ತಪ್ಪು ಹುಟ್ಟುತ್ತದೆ. ಸಮಯದ ಅಂಕಿಗಳನ್ನು ಪೆಟ್ಟಿಗೆಯ ನಡುವೆ ಬರೆಯದೆ ಗೆರೆಗಳ ನೇರ ಕೆಳಗೆ ಬರೆಯಿರಿ. ಭಾಗಾಕಾರ ಸಮವಾಗಿ ಬರದಿದ್ದರೆ ಮೊತ್ತವನ್ನೂ ಭಿನ್ನರಾಶಿಯನ್ನೂ ಹಾಗೆಯೇ ಉಳಿಸಿ, ಪ್ರಶ್ನೆ ಕೇಳಿದಷ್ಟು ದಶಮಾಂಶಕ್ಕೆ ಕೊನೆಯಲ್ಲಿ ಒಂದೇ ಸಲ ಇಳಿಸಿ.